ಗೌಪ್ಯ ವಿಷಯವನ್ನು ನಡಾವಳಿಯಲ್ಲಿ ಎಲ್ಲಿ ಬರೆಯಬೇಕು? ಸಹಕಾರ ಸಂಘಗಳಿಗೊಂದು ಹೋಲಿಕೆ

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಸಹಕಾರ ಸಂಘಗಳಲ್ಲಿ ನಡಾವಳಿ ಪುಸ್ತಕ ಸಾಮಾನ್ಯವಾಗಿ ಕಾರ್ಯದರ್ಶಿಯ ಮೇಜಿನ ಮೇಲೇ ಇರುತ್ತದೆ. ಸಾಲದ ಅರ್ಜಿ ಕೊಡಲು ಬಂದವರು, ಗೊಬ್ಬರದ ರಸೀದಿಗೆ ಕಾಯುವವರು, ಪಕ್ಕದ ಅಂಗಡಿಯವರು ಎಲ್ಲರೂ ಅದೇ ಮೇಜಿನ ಸುತ್ತ ಕೂರುತ್ತಾರೆ. ಪುಸ್ತಕ ತೆರೆದಿದ್ದರೆ ಕಣ್ಣು ಹೋಗೇ ಹೋಗುತ್ತದೆ. ಅದರಲ್ಲಿ ತಪ್ಪೇನೂ ಇಲ್ಲ, ಸಂಘ ಸದಸ್ಯರದ್ದು. ಆದರೆ ಅದೇ ಪುಟದಲ್ಲಿ ಒಬ್ಬ ಸಿಬ್ಬಂದಿಯ ಮೇಲಿನ ಆರೋಪವೋ, ಒಬ್ಬ ಸಾಲಗಾರನ ಕಾಯಿಲೆಯ ವಿವರವೋ, ಸಂಘ ಕೊಳ್ಳಬೇಕೆಂದಿರುವ ಜಾಗಕ್ಕೆ ಎಷ್ಟರವರೆಗೆ ಕೊಡಬಹುದು ಎಂಬ ಲೆಕ್ಕವೋ ಇದ್ದರೆ ಏನು ಮಾಡಬೇಕು?

ಈ ಪ್ರಶ್ನೆಗೆ ನಮ್ಮ ಕಡೆ ಐದು ರೀತಿಯ ಉತ್ತರ ಚಾಲ್ತಿಯಲ್ಲಿದೆ. ಎಲ್ಲವನ್ನೂ ಅದೇ ಪುಸ್ತಕದಲ್ಲಿ ಬರೆಯುವುದು. ಏನನ್ನೂ ಬರೆಯದೆ ‘ಚರ್ಚಿಸಲಾಯಿತು’ ಎಂದು ಮುಗಿಸುವುದು. ಲಕೋಟೆಯಲ್ಲಿಟ್ಟು ಅರಗು ಹಾಕುವುದು. ಅದಕ್ಕೆಂದೇ ಬೇರೆ ಸಭೆ ಕರೆಯುವುದು. ಕೊನೆಯದು, ಅದೇ ಸಭೆಯ ನಡಾವಳಿಯನ್ನು ಎರಡು ಭಾಗ ಮಾಡಿ, ಗೌಪ್ಯವಾದದ್ದನ್ನು ಭಾಗ-2 ಎಂಬ ಬೇರೆ ಪುಸ್ತಕದಲ್ಲಿ ಬರೆದು, ಅದನ್ನು ಯಾರು ನೋಡಬಹುದು ಎಂದು ಮಿತಿ ಹಾಕುವುದು.

ನನ್ನ ಮಟ್ಟಿಗೆ ಬಹುಪಾಲು ಸಂದರ್ಭಕ್ಕೆ ಸರಿಯಾದದ್ದು ಕೊನೆಯದು. ಆದರೆ ಅದನ್ನು ಹೇಗೆ ಬೇಕೋ ಹಾಗೆ ಮಾಡಿದರೆ ಉಳಿದ ನಾಲ್ಕಕ್ಕಿಂತ ಹೆಚ್ಚು ಹಾನಿ ಮಾಡುತ್ತದೆ. ಹಾಗಾಗಿ ಮೊದಲು ಉಳಿದವುಗಳ ಗುಣದೋಷ ನೋಡಿ, ಆಮೇಲೆ ಒಂದು ಉದಾಹರಣೆಯನ್ನು ಸಾಲು ಸಾಲಾಗಿ ಬರೆದು ತೋರಿಸುತ್ತೇನೆ.

ಎಲ್ಲ ಒಂದೇ ಪುಸ್ತಕದಲ್ಲಿ, ಅಥವಾ ಏನೂ ಇಲ್ಲ

ಎಲ್ಲವನ್ನೂ ಒಂದೇ ಪುಸ್ತಕದಲ್ಲಿ ಬರೆಯುವುದು ಸುಲಭ. ಲೆಕ್ಕಪರಿಶೋಧಕರಿಗೆ ಒಂದೇ ಕಡೆ ಎಲ್ಲ ಸಿಗುತ್ತದೆ, ಮುಂದೆ ಬರುವ ಆಡಳಿತ ಮಂಡಳಿಗೂ ಹುಡುಕಾಟ ಇಲ್ಲ. ಕೆಲವು ವಿಷಯಕ್ಕೆ ಇದೇ ಸರಿ, ಅದನ್ನು ಮುಂದೆ ಹೇಳುತ್ತೇನೆ. ಆದರೆ ವ್ಯಕ್ತಿಯ ಹೆಸರಿರುವ ಆರೋಪಕ್ಕೆ ಇದು ಸಲ್ಲದು. ಊರು ಚಿಕ್ಕದು. ವಿಚಾರಣೆಯಲ್ಲಿ ಆತ ನಿರ್ದೋಷಿ ಎಂದು ಆರು ತಿಂಗಳ ನಂತರ ಇನ್ನೊಂದು ಪುಟದಲ್ಲಿ ಬರೆದರೂ, ಮೊದಲ ಪುಟ ಓದಿದವರೆಲ್ಲ ಎರಡನೆಯದನ್ನು ಓದುವುದಿಲ್ಲ.

ಇದಕ್ಕೆ ಹೆದರಿ ಏನನ್ನೂ ಬರೆಯದೇ ಇರುವುದು ಇನ್ನೂ ಕೆಟ್ಟದ್ದು. ‘ಸಿಬ್ಬಂದಿ ವಿಷಯದ ಬಗ್ಗೆ ದೀರ್ಘವಾಗಿ ಚರ್ಚಿಸಿ ಸೂಕ್ತ ಕ್ರಮ ಕೈಗೊಳ್ಳಲು ತೀರ್ಮಾನಿಸಲಾಯಿತು’ ಎಂಬ ಒಂದು ಸಾಲು ಎಷ್ಟೋ ಪುಸ್ತಕಗಳಲ್ಲಿ ಕಾಣುತ್ತದೆ. ಯಾವ ಸಿಬ್ಬಂದಿ, ಯಾವ ಕ್ರಮ, ಯಾವ ದಿನದಿಂದ? ಅಮಾನತು ಆದವರು ಅದನ್ನು ಪ್ರಶ್ನಿಸಿ ಹೋದರೆ, ಅಮಾನತು ಮಾಡಿದ್ದು ಆಡಳಿತ ಮಂಡಳಿಯೋ ಅಥವಾ ಕಾರ್ಯದರ್ಶಿ ತಾನೇ ಪತ್ರ ಬರೆದರೋ ಎಂಬ ಮೊದಲ ಪ್ರಶ್ನೆಗೇ ಸಂಘದ ಹತ್ತಿರ ಕಾಗದ ಇರುವುದಿಲ್ಲ. ಮಂಡಳಿ ಬದಲಾದರೆ ನೆನಪೂ ಇರುವುದಿಲ್ಲ. ಬರೆಯದೇ ಬಿಡುವುದರಿಂದ ಗುಟ್ಟೇನೂ ಉಳಿಯುವುದಿಲ್ಲ, ಕೂತಿದ್ದವರು ಹೊರಗೆ ಹೇಳಿಯೇ ಹೇಳುತ್ತಾರೆ. ಹೋಗುವುದು ದಾಖಲೆ ಮಾತ್ರ.

ಅರಗು ಹಾಕಿದ ಲಕೋಟೆ

ಲಕೋಟೆಯ ಪದ್ಧತಿ ನೋಡಲು ಬಿಗಿ. ಟಿಪ್ಪಣಿ ಬರೆದು, ಲಕೋಟೆಗೆ ಹಾಕಿ, ಅರಗು ಮುದ್ರೆ ಒತ್ತಿ, ಅಧ್ಯಕ್ಷರು ಮೇಲೆ ಸಹಿ ಮಾಡಿ ಬೀರುವಿನಲ್ಲಿಡುತ್ತಾರೆ. ತೊಂದರೆ ಶುರುವಾಗುವುದು ಮುಂದಿನ ಸಭೆಯಲ್ಲಿ. ಹಿಂದಿನ ಸಭೆಯ ನಡಾವಳಿಯನ್ನು ಓದಿ ದೃಢೀಕರಿಸಬೇಕು, ಅಲ್ವಾ? ಲಕೋಟೆಯೊಳಗಿನದನ್ನು ಓದಲು ಅರಗು ಒಡೆಯಬೇಕು. ಒಡೆದರೆ ಲಕೋಟೆಗೆ ಅರ್ಥ ಇಲ್ಲ, ಒಡೆಯದಿದ್ದರೆ ದೃಢೀಕರಣ ಇಲ್ಲ. ಎಷ್ಟೋ ಸಂಘಗಳಲ್ಲಿ ಇದು ಇಲ್ಲೇ ನಿಂತುಬಿಡುತ್ತದೆ. ವರ್ಷಗಳ ನಂತರ ಬೀರುವಿನ ತಳದಲ್ಲಿ ಲಕೋಟೆ ಸಿಗುತ್ತದೆ, ಒಳಗೆ ಏನಿದೆ, ಯಾರು ತೆರೆಯಬಹುದು ಎಂದು ಯಾರಿಗೂ ಗೊತ್ತಿರುವುದಿಲ್ಲ. ನಮ್ಮ ಮಳೆಗಾಲದ ತೇವಕ್ಕೆ ಅಂಟೂ ಅರಗೂ ತಾವೇ ಬಿಟ್ಟುಕೊಂಡಿದ್ದರೆ, ಯಾರೋ ತೆರೆದಿದ್ದಾರೆ ಎಂಬ ಹೊಸ ಜಗಳ ಬೇರೆ.

ಲಕೋಟೆಗೆ ಅದರದೇ ಜಾಗ ಇದೆ. ತೀರ್ಮಾನವನ್ನು ಅದರಲ್ಲಿಡಬಾರದು, ತೀರ್ಮಾನಕ್ಕೆ ಆಧಾರವಾದ ಕಾಗದಗಳನ್ನು ಇಡಬಹುದು. ಸಾಕ್ಷಿಗಳ ಹೇಳಿಕೆ, ಆಂತರಿಕ ಸಮಿತಿಯ ವರದಿ, ವೈದ್ಯರ ಚೀಟಿಯ ನಕಲು ಇಂಥವು. ಭಾಗ-2ರಲ್ಲಿ ‘ಲಕೋಟೆ ಸಂಖ್ಯೆ ಇಷ್ಟು, ಒಳಗೆ ಇಷ್ಟು ಹಾಳೆ’ ಎಂದು ಬರೆದರೆ ಆಯಿತು.

ಬೇರೆ ಸಭೆ

ಬೇರೆ ಸಭೆ ಕರೆಯಲು ಬೇರೆ ನೋಟಿಸು ಬೇಕು, ಕೋರಂ ಬೇಕು, ದೂರದ ಹಳ್ಳಿಯ ನಿರ್ದೇಶಕರು ಇನ್ನೊಂದು ದಿನ ತೋಟದ ಕೆಲಸ ಬಿಟ್ಟು ಬರಬೇಕು. ಜೊತೆಗೆ, ‘ತುರ್ತು ವಿಶೇಷ ಸಭೆ’ ಎಂಬ ನೋಟಿಸೇ ಊರಿಗೆ ಸುದ್ದಿ ಕೊಡುತ್ತದೆ. ಎರಡು ಸಂದರ್ಭಕ್ಕೆ ಮಾತ್ರ ಇದು ಮೇಲು. ಒಂದು, ವಿಷಯವೇ ಅಧ್ಯಕ್ಷರ ಅಥವಾ ಕಾರ್ಯದರ್ಶಿಯ ಮೇಲಿನದ್ದಾದಾಗ. ಆಗ ಸಭೆ ನಡೆಸುವವರು, ಬರೆಯುವವರು ಇಬ್ಬರೂ ಬದಲಾಗಬೇಕು. ಅದನ್ನು ಮಾಮೂಲಿ ಸಭೆಯ ನಡುವೆ ಮಾಡಿದರೆ ಗೊಂದಲವಾಗುತ್ತದೆ. ಇನ್ನೊಂದು, ಕಾಗದಪತ್ರ ಓದಲೇ ಗಂಟೆಗಟ್ಟಲೆ ಬೇಕಾದಾಗ.

ಭಾಗ-2: ಯಾವುದು ಒಳಗೆ, ಯಾವುದು ಹೊರಗೆ

ಇನ್ನು ಮುಖ್ಯ ವಿಷಯ. ಭಾಗ-2 ಎಂಬ ಪುಸ್ತಕ ಒಮ್ಮೆ ಶುರುವಾದರೆ, ಮುಜುಗರದ್ದೆಲ್ಲ ಅದಕ್ಕೇ ಹೋಗುವ ಅಪಾಯ ಇದೆ. ನಿರ್ದೇಶಕರ ಸ್ವಂತ ಸಾಲ, ನೇಮಕಾತಿ, ಟೆಂಡರ್ ಯಾರಿಗೆ ಕೊಟ್ಟರು, ಯಾವ ಸಾಲ ವಜಾ ಮಾಡಿದರು ಇವೆಲ್ಲ ‘ಗೌಪ್ಯ’ ಆಗಿಬಿಡುತ್ತವೆ. ಆದ್ದರಿಂದ ನಾನು ಕೇಳುವ ಪ್ರಶ್ನೆ ಒಂದೇ. ಇದು ಹೊರಬಿದ್ದರೆ ನೋವಾಗುವುದು ಯಾರಿಗೆ? ಒಬ್ಬ ವ್ಯಕ್ತಿಗೆ ಅನ್ಯಾಯವಾಗುವುದಾದರೆ, ಅಥವಾ ಸಂಘದ ವ್ಯವಹಾರಕ್ಕೆ ನಷ್ಟವಾಗುವುದಾದರೆ ಭಾಗ-2. ಬರೀ ಆಡಳಿತ ಮಂಡಳಿಗೆ ಮುಜುಗರ ಆಗುವುದಾದರೆ ಭಾಗ-1, ಎಲ್ಲರಿಗೂ ಕಾಣುವ ಪುಸ್ತಕ.

ಹಣದ ವಿಷಯದಲ್ಲಿ ಇನ್ನೂ ಗಟ್ಟಿಯಾಗಿರಬೇಕು. ಸಂಘದ ಹಣ ಎಷ್ಟು ಹೋಯಿತು, ಯಾವ ಬಾಬ್ತಿಗೆ ಹೋಯಿತು ಎಂಬುದು ಭಾಗ-1ರಲ್ಲೇ ಇರಬೇಕು. ಕಾರಣದೊಳಗಿನ ಖಾಸಗಿ ಸಂಗತಿ ಮಾತ್ರ ಭಾಗ-2ಕ್ಕೆ. ಒಬ್ಬ ಸದಸ್ಯರು ಮಂಗನ ಕಾಯಿಲೆಯಿಂದಲೋ ಇನ್ಯಾವ ದೊಡ್ಡ ಕಾಯಿಲೆಯಿಂದಲೋ ಆಸ್ಪತ್ರೆ ಸೇರಿ, ಸುಸ್ತಿ ಬಡ್ಡಿಯಲ್ಲಿ ರಿಯಾಯಿತಿ ಕೇಳಿದ್ದಾರೆ ಎಂದಿಟ್ಟುಕೊಳ್ಳಿ. ಮಂಡಳಿಗೆ ಆ ಅಧಿಕಾರ ಇದ್ದು ಒಪ್ಪಿದರೆ, ರಿಯಾಯಿತಿಯ ಮೊತ್ತ ಮತ್ತು ಸಾಲದ ಖಾತೆ ಸಂಖ್ಯೆ ಭಾಗ-1ಕ್ಕೆ. ‘ಕಾರಣ ಪರಿಶೀಲಿಸಿ ಒಪ್ಪಲಾಗಿದೆ, ವಿವರ ಭಾಗ-2’ ಎಂದಷ್ಟು ಸಾಕು. ಕಾಯಿಲೆಯ ಹೆಸರು, ಆಸ್ಪತ್ರೆ, ಮನೆಯ ಪರಿಸ್ಥಿತಿ ಭಾಗ-2ಕ್ಕೆ. ಹೀಗೆ ಒಂದೇ ವಿಷಯವನ್ನು ಸೀಳುವುದೇ ಈ ಪದ್ಧತಿಯ ಜೀವ. ಇಡೀ ವಿಷಯವನ್ನು ಎತ್ತಿ ಭಾಗ-2ರಲ್ಲಿಟ್ಟರೆ ನಾಳೆ ಸಾಮಾನ್ಯ ಸಭೆಯಲ್ಲಿ ‘ಈ ಹಣ ಎಲ್ಲಿ ಹೋಯಿತು’ ಎಂದು ಕೇಳಿದವರಿಗೆ ಉತ್ತರವೇ ಇರುವುದಿಲ್ಲ.

ಕಾನೂನೇ ಬಾಯಿ ಕಟ್ಟುವ ಒಂದು ವಿಷಯ ಇದೆ. ಕೆಲಸದ ಜಾಗದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ. ಅದರ 16ನೇ ಕಲಂ ಪ್ರಕಾರ ದೂರಿನ ವಿವರ, ದೂರು ಕೊಟ್ಟವರ, ಆರೋಪಿಯ ಮತ್ತು ಸಾಕ್ಷಿಗಳ ಗುರುತು, ರಾಜಿ ಮತ್ತು ವಿಚಾರಣೆಯ ಮಾಹಿತಿ, ಸಮಿತಿಯ ಶಿಫಾರಸು, ತೆಗೆದುಕೊಂಡ ಕ್ರಮ ಯಾವುದನ್ನೂ ಸಾರ್ವಜನಿಕರಿಗೆ ಅಥವಾ ಪತ್ರಿಕೆಗೆ ಬಿಟ್ಟುಕೊಡುವಂತಿಲ್ಲ. ಇದನ್ನು ನಿಭಾಯಿಸುವ ಹೊಣೆ ಇದ್ದವರೇ ಬಿಟ್ಟುಕೊಟ್ಟರೆ ದಂಡ ಇದೆ. ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಆಂತರಿಕ ಸಮಿತಿ ಇರಬೇಕು. ವಿಚಾರಣೆ ಮುಗಿದ ಹತ್ತು ದಿನದೊಳಗೆ ಸಮಿತಿಯ ವರದಿ ಮಂಡಳಿಗೆ ಬರುತ್ತದೆ. ಶಿಫಾರಸಿನ ಮೇಲೆ ಅರವತ್ತು ದಿನದೊಳಗೆ ಕ್ರಮ ತೆಗೆದುಕೊಳ್ಳಬೇಕು. ಅಂದರೆ ಮಂಡಳಿ ಬರೆಯದೇ ಇರುವಂತಿಲ್ಲ, ಎಲ್ಲರಿಗೂ ಕಾಣುವಂತೆ ಬರೆಯುವಂತೆಯೂ ಇಲ್ಲ. ಈ ವಿಷಯಕ್ಕೆ ಭಾಗ-2 ಬೇಕೇ ಬೇಕು. ವಾರ್ಷಿಕ ವರದಿಯಲ್ಲಿ ಎಷ್ಟು ದೂರು ಬಂದವು, ಎಷ್ಟು ಇತ್ಯರ್ಥವಾದವು ಎಂಬ ಸಂಖ್ಯೆ ಮಾತ್ರ ಹೋಗಬೇಕು.

ಒಂದು ಉದಾಹರಣೆ: ಗೋದಾಮಿನಲ್ಲಿ ಮೂರು ಚೀಲ ಕಮ್ಮಿ

ಹೊಸನಗರದ ಕಡೆಯ ಒಂದು ಸಂಘ ಎಂದುಕೊಳ್ಳೋಣ. ಸದಸ್ಯರು ಅಡಿಕೆಯನ್ನು ಸಂಘದ ಗೋದಾಮಿನಲ್ಲಿಟ್ಟು ಅಡಮಾನ ಸಾಲ ತೆಗೆದುಕೊಳ್ಳುತ್ತಾರೆ. ತಪಾಸಣೆಯಲ್ಲಿ ಒಬ್ಬರ ರಾಶಿ ಇಡಿ ಅಡಿಕೆಯ ಲಾಟಿನಲ್ಲಿ ಮೂರು ಚೀಲ ಕಮ್ಮಿ ಬಂದಿದೆ. ಗೋದಾಮು ನೋಡಿಕೊಳ್ಳುವವರು ಒಬ್ಬರೇ. ಬೀಗದ ಕೈಯೂ ಅವರ ಹತ್ತಿರವೇ. ಅವರ ಭಾವ ಆಡಳಿತ ಮಂಡಳಿಯಲ್ಲಿ ನಿರ್ದೇಶಕರು.

ಮೊದಲ ಹೆಜ್ಜೆ ನೋಟಿಸಿನಲ್ಲೇ. ವಿಷಯಪಟ್ಟಿಯಲ್ಲಿ ‘ಗೋದಾಮು ಸಿಬ್ಬಂದಿ ಮೇಲೆ ಕ್ರಮ’ ಎಂದು ಬರೆದು ವಾಟ್ಸಾಪ್ ಗುಂಪಿಗೆ ಹಾಕಿದರೆ, ಸಭೆಗೆ ಮುಂಚೆಯೇ ಕಥೆ ಮುಗಿಯಿತು. ‘6. ಗೋದಾಮು ದಾಸ್ತಾನು ತಪಾಸಣಾ ವರದಿ (ಭಾಗ-1 ಮತ್ತು ಭಾಗ-2)’ ಎಂದು ಬರೆಯಿರಿ. ತಪಾಸಣೆಯ ಟಿಪ್ಪಣಿಯನ್ನು ಮುಂಚೆ ಕಳಿಸಬೇಡಿ. ಸಭೆಯಲ್ಲೇ, ಪ್ರತಿ ನಕಲಿನ ಮೇಲೆ 1, 2, 3 ಎಂದು ನಂಬರ್ ಹಾಕಿ ಹಂಚಿ, ಎದ್ದು ಹೋಗುವ ಮುಂಚೆ ವಾಪಸ್ ತೆಗೆದುಕೊಳ್ಳಿ. ಎಷ್ಟು ಕೊಟ್ಟಿರೋ ಅಷ್ಟೂ ಬಂತಾ ಎಂದು ಎಣಿಸಿ.

ಎರಡನೆಯದು, ಭಾಗ-2ಕ್ಕೆ ಹೋಗುವ ತೀರ್ಮಾನವನ್ನೇ ಭಾಗ-1ರಲ್ಲಿ ಕಾರಣದ ಸಮೇತ ಬರೆಯಬೇಕು. ಭಾಗ-1 ಹೀಗಿರಬಹುದು:

‘ವಿಷಯ 6: ಗೋದಾಮು ದಾಸ್ತಾನು ತಪಾಸಣಾ ವರದಿ. ವರದಿಯನ್ನು ಸಭೆ ಪರಿಶೀಲಿಸಿತು. ಅಡಮಾನದ ಅಡಿಕೆಯ ಒಂದು ಲಾಟಿನಲ್ಲಿ ಪುಸ್ತಕದ ಲೆಕ್ಕಕ್ಕಿಂತ ಮೂರು ಚೀಲ ಕಡಿಮೆ ಕಂಡುಬಂದಿದೆ. ಈ ಬಗ್ಗೆ ವಿಚಾರಣೆ ನಡೆಸಲು ತೀರ್ಮಾನಿಸಲಾಯಿತು. ಕೊರತೆ ಖಚಿತವಾದಲ್ಲಿ ಸಂಬಂಧಪಟ್ಟ ಸದಸ್ಯರಿಗೆ ಸಂಘವೇ ತುಂಬಿಕೊಡತಕ್ಕದ್ದು. ವಿಚಾರಣೆ ಬಾಕಿ ಇರುವ ಕಾರಣ ಸಿಬ್ಬಂದಿಗೆ ಸಂಬಂಧಿಸಿದ ಅಂಶಗಳನ್ನು ಭಾಗ-2, ವಿಷಯ 6ರಲ್ಲಿ ದಾಖಲಿಸಲು ಸಭೆ ಒಪ್ಪಿತು. ಆ ಭಾಗದ ಹಾಜರಾತಿಯನ್ನು ಅಲ್ಲಿಯೇ ದಾಖಲಿಸಿದೆ. ಕೋರಂ ಇತ್ತು.’

ಕೊನೆಯ ಎರಡು ವಾಕ್ಯ ಗಮನಿಸಿ. ಸಂಬಂಧ ಇರುವ ನಿರ್ದೇಶಕರು ಹೊರಗೆ ಹೋಗಬೇಕು, ಹೋದದ್ದು ದಾಖಲಾಗಬೇಕು. ಸಾಮಾನ್ಯವಾಗಿ ಎಲ್ಲರೂ ಇದನ್ನು ಭಾಗ-1ರಲ್ಲೇ ಬರೆಯುತ್ತಾರೆ. ‘ಶ್ರೀ ಇಂಥವರು ಸಂಬಂಧಿಯಾದ ಕಾರಣ ಹೊರನಡೆದರು’ ಎಂದು. ನಮ್ಮೂರುಗಳಲ್ಲಿ ಯಾರ ಭಾವ ಯಾರು ಎಂದು ಎಲ್ಲರಿಗೂ ಗೊತ್ತು. ಆ ಒಂದು ಸಾಲು ಸಿಬ್ಬಂದಿಯ ಹೆಸರು ಬರೆದಷ್ಟೇ ಸಮ. ಆದ್ದರಿಂದ ಯಾರು ಹೊರಗೆ ಹೋದರು, ಎಷ್ಟು ಗಂಟೆಗೆ, ಯಾವ ಕಾರಣಕ್ಕೆ ಎಂಬುದು ಭಾಗ-2ರಲ್ಲಿ ಇರಲಿ.

ಹುದ್ದೆಯ ಹೆಸರೂ ಹಾಗೇ. ಗೋದಾಮು ನೋಡುವವರು ಒಬ್ಬರೇ ಇರುವಾಗ ‘ಗೋದಾಮು ಪಾಲಕರು’ ಎಂದರೂ ಒಂದೇ, ಹೆಸರು ಬರೆದರೂ ಒಂದೇ. ಒಂದು ಶಾಖೆಯಲ್ಲಿ ಒಬ್ಬರೇ ಮಹಿಳೆ ಇದ್ದಾಗ ಶಾಖೆಯ ಹೆಸರು ಬರೆದರೂ ಅಷ್ಟೇ. ಬರೆದ ಮೇಲೆ ಒಮ್ಮೆ ಊರಿನವರ ಕಣ್ಣಿನಿಂದ ಓದಿ. ಇದರಿಂದ ಯಾರೆಂದು ಊಹಿಸಬಹುದಾ? ದಾಸ್ತಾನು ಕಮ್ಮಿ ಎಂಬ ಸುದ್ದಿಯಿಂದಲೇ ಕೆಲವರು ಊಹಿಸುತ್ತಾರೆ, ಅದನ್ನು ತಡೆಯಲು ಆಗುವುದಿಲ್ಲ. ಸದಸ್ಯರ ಅಡಿಕೆ ಕಮ್ಮಿ ಬಂದಿರುವುದನ್ನು ಮುಚ್ಚಿಡಲೂ ಬಾರದು. ಆದರೆ ಊಹೆಗೆ ಸಂಘದ ಸಹಿ ಮತ್ತು ಸೀಲು ಬೀಳಬಾರದು.

ಈಗ ಭಾಗ-2:

‘ವಿಷಯ 6 (ಭಾಗ-1ರ ವಿಷಯ 6ರ ಮುಂದುವರಿಕೆ). ಹಾಜರು: (ಹೆಸರುಗಳು). ನಿರ್ದೇಶಕ ಶ್ರೀ … ಅವರು ಸಂಬಂಧಪಟ್ಟ ಸಿಬ್ಬಂದಿಯ ಭಾವನಾದ ಕಾರಣ ಮಧ್ಯಾಹ್ನ 12.10ಕ್ಕೆ ಹೊರಹೋದರು, 12.45ಕ್ಕೆ ಮರಳಿದರು. ನೋಡಿದ ದಾಖಲೆ: ತಪಾಸಣಾ ವರದಿ, ದಾಸ್ತಾನು ಪುಸ್ತಕ, ಬೀಗದ ಕೈ ವಹಿ. ಮೇಲ್ನೋಟಕ್ಕೆ ಮೂರು ಚೀಲದ ವ್ಯತ್ಯಾಸ ಕಂಡುಬಂದಿದ್ದು, ಗೋದಾಮು ಪಾಲಕ ಶ್ರೀ … ಅವರಿಂದ ವಿವರಣೆ ಪಡೆಯಬೇಕಿದೆ. ವಿಚಾರಣೆ ಮುಗಿಯುವವರೆಗೆ ಅವರನ್ನು ನಾಳೆಯಿಂದ ಅಮಾನತಿನಲ್ಲಿಡಲು, ನಿಯಮದಂತೆ ಜೀವನಾಧಾರ ಭತ್ಯೆ ನೀಡಲು, ಶ್ರೀ … ಅವರನ್ನು ವಿಚಾರಣಾಧಿಕಾರಿಯಾಗಿ ನೇಮಿಸಲು ತೀರ್ಮಾನಿಸಲಾಯಿತು. ನಿರ್ದೇಶಕಿ ಶ್ರೀಮತಿ … ಅವರು ಅಮಾನತಿಗೆ ಮುನ್ನ ಮರುಎಣಿಕೆ ಆಗಬೇಕೆಂದು ಭಿನ್ನಾಭಿಪ್ರಾಯ ದಾಖಲಿಸಿದರು. ಈ ವಿಷಯವನ್ನು ವಿಚಾರಣೆಯ ಅಂತಿಮ ತೀರ್ಮಾನದ ನಂತರದ ಮೊದಲ ಸಭೆಯಲ್ಲಿ ಮರುಪರಿಶೀಲಿಸತಕ್ಕದ್ದು.’

ಇದರಲ್ಲಿ ಇಲ್ಲದ್ದನ್ನೂ ನೋಡಿ. ‘ಅವರು ಮೊದಲಿನಿಂದಲೂ ಹಾಗೇ’ ಎಂದು ಯಾರೋ ಅಂದಿರುತ್ತಾರೆ. ‘ಕುಡಿತ ಜಾಸ್ತಿ ಆಗಿದೆ’ ಎಂದು ಇನ್ಯಾರೋ. ಗೌಪ್ಯ ಪುಸ್ತಕ ತಾನೇ ಎಂದು ಇವನ್ನೆಲ್ಲ ಬರೆದಿಡುವ ಚಪಲ ಬರುತ್ತದೆ. ಬರೆಯಬಾರದು. ಗೌಪ್ಯ ಎಂದರೆ ಯಾರೂ ಯಾವತ್ತೂ ನೋಡುವುದಿಲ್ಲ ಎಂದಲ್ಲ. ನ್ಯಾಯಾಲಯ ಕೇಳಿದರೆ ಕೊಡಬೇಕು. ಲೆಕ್ಕಪರಿಶೋಧಕರು ಕೇಳಿದರೆ ತೋರಿಸಬೇಕು. 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯ 64ನೇ ಕಲಮಿನ ವಿಚಾರಣೆ ಬಂದರೆ ಅದನ್ನು ನಡೆಸುವವರಿಗೂ ಈ ಪುಸ್ತಕ ಕೊಡಬೇಕು. ‘ಇದು ಭಾಗ-2, ತೋರಿಸುವುದಿಲ್ಲ’ ಎಂದು ಹೇಳಲು ಬರುವುದಿಲ್ಲ. ಒಂದು ದಿನ ಆ ಸಿಬ್ಬಂದಿಯ ವಕೀಲರು ಇದನ್ನು ಓದುತ್ತಾರೆ ಎಂದುಕೊಂಡೇ ಪ್ರತಿ ಸಾಲು ಬರೆಯಬೇಕು. ‘ಮೇಲ್ನೋಟಕ್ಕೆ’ ಎಂಬ ಪದ ಅಲ್ಲಿರುವುದು ಅದಕ್ಕೇ. ವಿಚಾರಣೆಗೆ ಮುಂಚೆಯೇ ‘ಕಳವು ಮಾಡಿರುವುದು ಸ್ಪಷ್ಟ’ ಎಂದು ಮಂಡಳಿ ಬರೆದಿಟ್ಟರೆ, ಆಮೇಲಿನ ವಿಚಾರಣೆ ಬರೀ ನಾಟಕ ಎಂದು ಆತನ ವಕೀಲರು ವಾದಿಸುತ್ತಾರೆ. ಆ ವಾದಕ್ಕೆ ಬಲವೂ ಇರುತ್ತದೆ.

ಮುಂದೇನಾಯಿತು ಎಂದೂ ನೋಡಿಬಿಡೋಣ. ವಿಚಾರಣೆಯಲ್ಲಿ ಇಡೀ ಗೋದಾಮಿನ ಮರುಎಣಿಕೆ ಆಯಿತು. ಮಳೆಗಾಲದಲ್ಲಿ ಸೋರಿದ ಮೂಲೆಯಿಂದ ಚೀಲಗಳನ್ನು ಎತ್ತಿ ಬೇರೆ ಅಟ್ಟಿಗೆ ಹಾಕುವಾಗ ಮೂರು ಚೀಲ ಪಕ್ಕದ ಲಾಟಿಗೆ ಸೇರಿದ್ದವು. ಅಲ್ಲಿ ಅಷ್ಟೇ ಚೀಲ ಹೆಚ್ಚಿಗೆ ಸಿಕ್ಕವು, ಮೇಲಿನ ಚೀಟಿ ನೋಡಿ ಹೊಂದಿಸಲಾಯಿತು. ಸಿಬ್ಬಂದಿಯ ತಪ್ಪು ಎಂದರೆ ಸ್ಥಳಾಂತರವನ್ನು ಪುಸ್ತಕದಲ್ಲಿ ಬರೆಯದೇ ಇದ್ದದ್ದು, ಅಷ್ಟೇ. ಆಗ ಭಾಗ-1ರಲ್ಲಿ ಹೀಗೆ ಬರೆಯಬಹುದು: ‘ಮೂರು ಚೀಲಗಳು ಪಕ್ಕದ ಲಾಟಿನಲ್ಲಿ ದೊರೆತಿದ್ದು, ಕೊರತೆ ಇಲ್ಲವೆಂದು ಖಚಿತವಾಗಿದೆ. ಇನ್ನು ಮುಂದೆ ಚೀಲ ಸ್ಥಳಾಂತರಿಸಿದ ದಿನವೇ ದಾಸ್ತಾನು ಪುಸ್ತಕದಲ್ಲಿ ನಮೂದಿಸತಕ್ಕದ್ದು.’ ಅಮಾನತು ರದ್ದು, ಎಚ್ಚರಿಕೆ ಪತ್ರ, ಬಾಕಿ ಸಂಬಳ ಇವು ಭಾಗ-2ಕ್ಕೆ. ಆತ ಮರುದಿನ ಬೀಗದ ಕೈ ಹಿಡಿದು ಕೆಲಸಕ್ಕೆ ಬರಬಹುದು. ಮೊದಲ ದಿನವೇ ಹೆಸರಿನ ಸಮೇತ ‘ಕಳವು’ ಎಂದು ಎಲ್ಲರಿಗೂ ಕಾಣುವ ಪುಸ್ತಕದಲ್ಲಿ ಬರೆದಿದ್ದರೆ ಅದು ಆಗುತ್ತಿರಲಿಲ್ಲ.

ಪುಸ್ತಕ ಹೇಗಿರಬೇಕು

ಭಾಗ-2ಕ್ಕೆ ಬಿಡಿ ಹಾಳೆ ಬೇಡ. ಹೊಲಿದ ಪುಸ್ತಕ ಇರಲಿ. ಮೊದಲ ಪುಟದಲ್ಲಿ ಒಟ್ಟು ಎಷ್ಟು ಪುಟ ಎಂದು ಬರೆದು ಅಧ್ಯಕ್ಷರು, ಕಾರ್ಯದರ್ಶಿ ಸಹಿ ಮಾಡಲಿ. ಎಲ್ಲ ಪುಟಕ್ಕೂ ಮುಂಚೆಯೇ ನಂಬರ್ ಇರಲಿ. ವಿಷಯದ ಸಂಖ್ಯೆ ಎರಡೂ ಭಾಗದಲ್ಲಿ ಒಂದೇ ಇರಬೇಕು. ಭಾಗ-1ರಲ್ಲಿ 5ರ ನಂತರ 7 ಬಂದರೆ, 6 ಎಲ್ಲಿ ಎಂಬ ಅನುಮಾನಕ್ಕೆ ಕೊನೆ ಇರುವುದಿಲ್ಲ. ಭಾಗ-1ರಲ್ಲಿ 6 ಇದ್ದು, ಅದು ಭಾಗ-2ರ 6ನ್ನು ತೋರಿಸಿದರೆ, ಮುಚ್ಚಿಟ್ಟಿದ್ದಾರೆ ಎಂದು ಯಾರೂ ಹೇಳಲಾರರು. ಗೌಪ್ಯ ದಾಖಲೆ ಇದೆ ಎಂಬುದು ಗೌಪ್ಯವಲ್ಲ.

ಭಾಗ-2ರಲ್ಲಿ ಪ್ರತಿ ವಿಷಯವನ್ನೂ ಹೊಸ ಪುಟದಲ್ಲಿ ಶುರು ಮಾಡಿ. ಕಾಗದ ವ್ಯರ್ಥ ಅನಿಸಬಹುದು. ಆದರೆ ನಾಳೆ ಒಂದು ವಿಷಯದ ದೃಢೀಕೃತ ನಕಲು ಕೊಡಬೇಕಾಗಿ ಬಂದಾಗ, ಅದರ ಬೆನ್ನಲ್ಲೇ ಇನ್ನೊಬ್ಬರ ವಿಷಯ ಜೆರಾಕ್ಸ್ ಆಗಿ ಹೋಗಬಾರದು. ಉಳಿದ ಖಾಲಿ ಜಾಗಕ್ಕೆ ಅಡ್ಡಗೆರೆ ಎಳೆದು ಸಹಿ ಹಾಕಿ, ಆಮೇಲೆ ಯಾರೂ ಏನೂ ಸೇರಿಸದಂತೆ.

ದೃಢೀಕರಣ ಮುಂದಿನ ಸಭೆಯಲ್ಲಿ, ಭಾಗ-2ರ ಹೊತ್ತಿನಲ್ಲೇ ಆಗಬೇಕು. ಆ ವಿಷಯಕ್ಕೆ ಹೊರಗೆ ಹೋಗಿದ್ದ ನಿರ್ದೇಶಕರು ಆಗಲೂ ಹೊರಗೇ ಇರಬೇಕು. ಇದನ್ನು ಮರೆಯುವವರೇ ಹೆಚ್ಚು. ಹೋದ ತಿಂಗಳು ಹೊರಗೆ ಕಳಿಸಿದವರ ಎದುರಿಗೇ ಈ ತಿಂಗಳು ಗಟ್ಟಿಯಾಗಿ ಓದುತ್ತಾರೆ.

ಸೋರುವುದು ಪುಸ್ತಕದಿಂದಲ್ಲ

ಬೀರುವಿನಲ್ಲಿ ಬೀಗ ಹಾಕಿಟ್ಟ ಪುಸ್ತಕದಿಂದ ಮಾಹಿತಿ ಹೊರಹೋಗುವುದು ಅಪರೂಪ. ಹೋಗುವುದು ಅದರ ಅಕ್ಕಪಕ್ಕದ ಕಾಗದಗಳಿಂದ. ಜೀವನಾಧಾರ ಭತ್ಯೆ ಕೊಡುವಾಗ ವೋಚರಿನಲ್ಲಿ ‘ಅಮಾನತು ಭತ್ಯೆ, ಶ್ರೀ ಇಂಥವರಿಗೆ’ ಎಂದು ಬರೆದರೆ ನಗದು ಪುಸ್ತಕ ನೋಡಿದವರಿಗೆಲ್ಲ ಗೊತ್ತಾಯಿತು. ‘ಸಿಬ್ಬಂದಿ ಸಂಬಳ ಮತ್ತು ಭತ್ಯೆ, ಭಾಗ-2 ವಿಷಯ 6’ ಎಂದರೆ ಲೆಕ್ಕವೂ ಸರಿ, ಹಣಕ್ಕೆ ಆಧಾರವೂ ಇದೆ. ಇನ್ನೊಂದು, ಅನುಪಾಲನಾ ವರದಿ. ಹಿಂದಿನ ಸಭೆಯ ತೀರ್ಮಾನಗಳ ಮೇಲೆ ಏನು ಕ್ರಮ ಆಯಿತು ಎಂಬ ಪಟ್ಟಿಯನ್ನು ಗುಮಾಸ್ತರು ತಯಾರಿಸುತ್ತಾರೆ. ಅದರಲ್ಲಿ ‘ಅಮಾನತು ಪತ್ರ ರವಾನಿಸಿದೆ’ ಎಂಬ ಸಾಲು ತಾನಾಗೇ ಬಂದು ಕೂತಿರುತ್ತದೆ. ಭಾಗ-2ರ ಅನುಪಾಲನೆಯನ್ನು ಕಾರ್ಯದರ್ಶಿಯೇ ಕೈಯಲ್ಲಿ ಬರೆದು ಆ ಹೊತ್ತಿಗೇ ಮಂಡಿಸಬೇಕು.

ಕಂಪ್ಯೂಟರಿನಲ್ಲಿ ಟೈಪ್ ಮಾಡುವವರು ಒಂದು ವಿಷಯ ತಿಳಿದಿರಬೇಕು. ನುಡಿಯಲ್ಲಿ ಟೈಪ್ ಮಾಡಿ, ಹೆಸರಿನ ಮೇಲೆ ಕಪ್ಪು ಪಟ್ಟಿ ಎಳೆದು ಪಿಡಿಎಫ್ ಮಾಡಿದರೆ ಹೆಸರು ಮುಚ್ಚಿಹೋಯಿತು ಎಂದು ಅನಿಸುತ್ತದೆ. ಕಾಣುವುದಿಲ್ಲ ಅಷ್ಟೇ. ಅಕ್ಷರ ಪಟ್ಟಿಯ ಕೆಳಗೆ ಹಾಗೇ ಇರುತ್ತದೆ. ಆ ಜಾಗವನ್ನು ಆಯ್ದು ಕಾಪಿ ಮಾಡಿ ಬೇರೆ ಕಡೆ ಪೇಸ್ಟ್ ಮಾಡಿದರೆ ಹೊರಗೆ ಬರುತ್ತದೆ. ಹೆಸರನ್ನು ಅಳಿಸಿ, ಆ ಜಾಗದಲ್ಲಿ ‘(ಹೆಸರು ಬಿಡಲಾಗಿದೆ)’ ಎಂದು ಟೈಪ್ ಮಾಡಿ ಹೊಸದಾಗಿ ಪ್ರಿಂಟ್ ತೆಗೆಯಬೇಕು. ಕಛೇರಿಯಲ್ಲಿ ಎಲ್ಲರೂ ಬಳಸುವ ಒಂದೇ ಕಂಪ್ಯೂಟರ್ ಇದ್ದರೆ, ಭಾಗ-2ನ್ನು ಕೈಬರಹದಲ್ಲೇ ಬರೆಯುವುದು ವಾಸಿ.

ಮಾಹಿತಿ ಹಕ್ಕಿನ ಅರ್ಜಿ ಬಂದರೆ

ಸಹಕಾರ ಸಂಘಗಳಿಗೆ 2005ರ ಮಾಹಿತಿ ಹಕ್ಕು ಕಾಯ್ದೆ ಅನ್ವಯಿಸುತ್ತದಾ ಎಂಬ ಪ್ರಶ್ನೆ ಪದೇ ಪದೇ ಬರುತ್ತದೆ. ಕೇರಳದ ತಲಪ್ಪಲಂ ಸೇವಾ ಸಹಕಾರ ಬ್ಯಾಂಕಿನ ಪ್ರಕರಣದಲ್ಲಿ 2013ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದು: ಸಹಕಾರ ಕಾಯ್ದೆಯಡಿ ನೋಂದಣಿಯಾದ ಮಾತ್ರಕ್ಕೆ ಸಂಘ ಸಾರ್ವಜನಿಕ ಪ್ರಾಧಿಕಾರ ಆಗುವುದಿಲ್ಲ. ಸರ್ಕಾರದ ಒಡೆತನ, ಹಿಡಿತ ಅಥವಾ ಗಣನೀಯ ಹಣ ಇದ್ದರೆ ಬೇರೆ ಮಾತು. ಆದರೆ ನಿಬಂಧಕರು ಸಾರ್ವಜನಿಕ ಪ್ರಾಧಿಕಾರವೇ. ಕಾನೂನು ಪ್ರಕಾರ ಸಂಘದಿಂದ ಅವರು ಪಡೆಯಬಹುದಾದ ಮಾಹಿತಿಯನ್ನು ಅವರ ಮೂಲಕ ಕೇಳಬಹುದು. ಅಂದರೆ ಅರ್ಜಿ ಸುತ್ತಿಕೊಂಡು ಸಂಘಕ್ಕೇ ಬರಬಹುದು.

ಅಂಥ ಹೊತ್ತಿನಲ್ಲಿ ಎರಡು ಭಾಗದ ಪದ್ಧತಿಯ ಉಪಯೋಗ ಗೊತ್ತಾಗುತ್ತದೆ. ಆ ಕಾಯ್ದೆಯ 10ನೇ ಕಲಂ ಹೇಳುವುದೂ ಇದನ್ನೇ. ಕೊಡಬಾರದ ಭಾಗವನ್ನು ಬೇರೆ ಮಾಡಲು ಸಾಧ್ಯವಿದ್ದರೆ, ಉಳಿದದ್ದನ್ನು ಕೊಡಬಹುದು. ಬರೆಯುವಾಗಲೇ ಬೇರೆ ಮಾಡಿದ್ದರೆ ಭಾಗ-1ನ್ನು ಹಾಗೇ ಕೊಡಬಹುದು. ಎಲ್ಲ ಒಂದೇ ಕಡೆ ಬರೆದಿದ್ದರೆ ಸಾಲು ಸಾಲಿಗೂ ಕಪ್ಪು ಬಳಿಯುತ್ತಾ ಕೂರಬೇಕು. ಹಾಗಂತ ಪುಸ್ತಕದ ಮೇಲೆ ‘ಭಾಗ-2’ ಎಂದು ಬರೆದಿದ್ದೇ ನಿರಾಕರಣೆಗೆ ಕಾರಣ ಆಗುವುದಿಲ್ಲ. ವೈಯಕ್ತಿಕ ಮಾಹಿತಿಯೋ, ವ್ಯಾಪಾರದ ಗುಟ್ಟೋ, ಕಾಯ್ದೆಯ 8ನೇ ಕಲಮಿನ ಯಾವ ವಿನಾಯಿತಿಗೆ ಬರುತ್ತದೆ ಎಂದು ಆಯಾ ವಿಷಯಕ್ಕೆ ತೋರಿಸಬೇಕು.

ಯಾವಾಗ ತೆರೆಯಬೇಕು

ಭಾಗ-2ರ ಪ್ರತಿ ವಿಷಯದ ಕೊನೆಗೂ ತೆರೆಯುವ ಷರತ್ತು ಬರೆದಿರಬೇಕು. ಜಾಗ ಖರೀದಿಗೆ ಸಂಘ ಕೊಡಬಹುದಾದ ಗರಿಷ್ಠ ಬೆಲೆ, ನೋಂದಣಿ ಆಗುವವರೆಗೆ ಮಾತ್ರ ಗೌಪ್ಯ. ಮಾರುವವರಿಗೆ ಅದು ಮೊದಲೇ ತಿಳಿದರೆ ಅದೇ ಬೆಲೆಗೆ ಬಂದು ಕೂರುತ್ತಾರೆ. ನೋಂದಣಿಯಾದ ಮರುಸಭೆಯಲ್ಲಿ ಇಡೀ ವಿಷಯ ಭಾಗ-1ಕ್ಕೆ ಬರಬೇಕು, ಎಷ್ಟಕ್ಕೆ ಮಿತಿ ಇಟ್ಟಿದ್ದೆವು, ಎಷ್ಟಕ್ಕೆ ಕೊಂಡೆವು ಎಂಬುದರ ಸಮೇತ. ಟೆಂಡರಿನ ಅಂದಾಜು ಗುಟ್ಟಾಗಿಟ್ಟಿದ್ದರೆ ಟೆಂಡರ್ ತೆರೆಯುವ ದಿನದವರೆಗೆ. ಸಿಬ್ಬಂದಿಯ ವಿಚಾರಣೆ ಮುಗಿದ ಮೇಲೆ ಫಲಿತಾಂಶ ತೆರೆಯಬಹುದು, ನಿರ್ದೋಷಿಯ ಹೆಸರು ಬೇಡ. ಸದಸ್ಯರ ಕಾಯಿಲೆಯ ವಿವರ, ಲೈಂಗಿಕ ಕಿರುಕುಳದ ದೂರು ಇವು ಮುಚ್ಚಿಯೇ ಇರಬೇಕು.

ಇದಕ್ಕೆಂದು ಪುಸ್ತಕದ ಕೊನೆಯ ಪುಟಗಳಲ್ಲಿ ಒಂದು ಸೂಚಿ ಇಡಿ. ವಿಷಯ ಸಂಖ್ಯೆ, ಸಭೆಯ ದಿನಾಂಕ, ತೆರೆಯುವ ಷರತ್ತು, ತೆರೆದ ದಿನಾಂಕ, ಪುಸ್ತಕ ಯಾರು ಯಾವಾಗ ನೋಡಿದರು, ನಕಲು ಯಾರಿಗೆ ಕೊಟ್ಟಿರಿ. ಪ್ರತಿ ವರ್ಷ ಸಾಮಾನ್ಯ ಸಭೆಗೆ ಮುಂಚಿನ ಮಂಡಳಿ ಸಭೆಯಲ್ಲಿ ಈ ಸೂಚಿಯನ್ನು ಮೇಲಿಂದ ಕೆಳಗೆ ಓದಿ, ಷರತ್ತು ಮುಗಿದದ್ದನ್ನು ತೆರೆಯಿರಿ. ಚುನಾವಣೆಯಾಗಿ ಹೊಸ ಮಂಡಳಿ ಬಂದಾಗ, ಅಥವಾ ಕಾರ್ಯದರ್ಶಿ ಬದಲಾದಾಗ, ನಗದು ಮತ್ತು ದಾಸ್ತಾನಿನ ಜೊತೆ ಭಾಗ-2ರ ಪುಸ್ತಕ, ಲಕೋಟೆಗಳು ಮತ್ತು ಬೀರುವಿನ ಬೀಗದ ಕೈಯನ್ನೂ ಚಾರ್ಜ್ ಪಟ್ಟಿಯಲ್ಲಿ ಸೇರಿಸಿ, ಬರೆದಿರುವ ಕೊನೆಯ ಪುಟದ ನಂಬರ್ ನಮೂದಿಸಿ, ಇಬ್ಬರೂ ಸಹಿ ಮಾಡಬೇಕು.